ಆರಾಮ ಅದೀರೇನ್ರಿ? ಕೆಲಸದ ಜಾಗದ ಮಾನಸಿಕ ಆರೋಗ್ಯ ವಾರಕ್ಕೆ ಘೋಷವಾಕ್ಯ ಬರೆಯುವ ಬಗೆ

ನಮ್ಮ ದಾಲ್ ಮಿಲ್ ಕಲಬುರಗಿ ಊರಿನ ಹೊರಗಿದೆ. ಹಮಾಲರು, ಬೇಳೆ ಆರಿಸುವ ಹೆಣ್ಣುಮಕ್ಕಳು, ಮಷೀನ್ ಆಪರೇಟರ್‌ಗಳು, ಡ್ರೈವರ್‌ಗಳು, ಆಫೀಸಿನವರು ಎಲ್ಲ ಸೇರಿ 64 ಜನ. ಹಾಜರಿ, ಪಗಾರ, ರಜೆ ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ, 1992ರಿಂದ ನಡೆದುಬಂದಿದೆ. ಆ ದಿನದ ಆಸುಪಾಸಿನಲ್ಲಿ ಒಂದು ವಾರ ಮಾಡೋಣ ಅಂತ ಮಾಲೀಕರಿಗೆ ಹೇಳಿದವನೂ ನಾನೇ. ಆ ಹೊತ್ತಿಗೆ ಹೊಲದಲ್ಲಿ ತೊಗರಿ ಇನ್ನೂ ಹಸಿರಾಗಿರುತ್ತದೆ. ಹೊಸ ಮಾಲು ಬರುವುದಕ್ಕೆ ಸಮಯವಿರುತ್ತದೆ, ಮಿಲ್ಲಿನಲ್ಲಿ ಸ್ವಲ್ಪ ಬಿಡುವೂ ಸಿಗುತ್ತದೆ.

ಮೊದಲ ವರ್ಷ ತಪ್ಪು ಮಾಡಿದೆ. ಪ್ರಿಂಟಿಂಗ್ ಅಂಗಡಿಗೆ ಹೋಗಿ ಒಂದು ಫ್ಲೆಕ್ಸ್ ಮಾಡಿಸಿದೆ. ತಲೆ ಹಿಡಿದುಕೊಂಡು ಕುಳಿತ ಮನುಷ್ಯನ ಚಿತ್ರ, ಹಿಂದೆ ಕಪ್ಪು ಮೋಡ. ಕೆಳಗೆ ದೊಡ್ಡ ಅಕ್ಷರದಲ್ಲಿ, "ಮಾನಸಿಕ ರೋಗ ಶಾಪವಲ್ಲ, ನಾಚಿಕೆ ಬೇಡ, ಚಿಕಿತ್ಸೆ ಪಡೆಯಿರಿ." ಅದನ್ನು ಚಹಾ ಕುಡಿಯುವ ಜಾಗದಲ್ಲಿ ಕಟ್ಟಿಸಿದೆ. ಎರಡೇ ದಿನಕ್ಕೆ ನಮ್ಮ ಒಬ್ಬ ಆಪರೇಟರ್ ಅಲ್ಲಿಗೆ ಬರುವುದು ಬಿಟ್ಟ. ಗ್ಲಾಸ್ ಹಿಡಿದುಕೊಂಡು ಬೇಳೆ ಒಣಗಿಸುವ ಕಟ್ಟೆಯ ಕಡೆ ಹೋಗಿ ಒಬ್ಬನೇ ನಿಲ್ಲುತ್ತಿದ್ದ. ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಹೇಳಿದ: "ಸಾಹೇಬ್ರ, ನಾ ಎರಡು ವರ್ಷದಿಂದ ಗುಳಿಗಿ ತೊಗೊಳ್ಲತ್ತೀನಿ. ಆ ಬೋರ್ಡಿನ ಕೆಳಗ ನಿಂತ್ರ ಎಲ್ಲರೂ ನನ್ನೇ ನೋಡ್ಲತ್ತಾರ ಅನಸ್ತದ."

ಅವನಿಗಾಗಿಯೇ ಕಟ್ಟಿದ ಬೋರ್ಡು ಅವನನ್ನೇ ಚಹಾದ ಜಾಗದಿಂದ ಓಡಿಸಿತು. ಆಮೇಲೆ ಪ್ರತಿ ವರ್ಷ ಘೋಷವಾಕ್ಯಗಳನ್ನು ನಾವೇ ಕೂತು ಬರೆಯುತ್ತಿದ್ದೇವೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ನಿಮ್ಮದು ಸಿಮೆಂಟ್ ಫ್ಯಾಕ್ಟರಿ ಇರಬಹುದು, ಬಸ್ ಡಿಪೋ ಇರಬಹುದು, ಬ್ಯಾಂಕ್ ಇರಬಹುದು. ಪದಗಳು ಬದಲಾಗುತ್ತವೆ, ದಾರಿ ಇದೇ.

ಮೊದಲು ಬಾಗಿಲು, ಆಮೇಲೆ ಬೋರ್ಡು

ಘೋಷವಾಕ್ಯ ಓದಿದವರು ಮುಂದೆ ಏನು ಮಾಡಬೇಕು? ಇದಕ್ಕೆ ಉತ್ತರ ಸಿಗುವವರೆಗೆ ಪೆನ್ನು ಹಿಡಿಯಬೇಡಿ. "ಬಂದು ಮಾತಾಡಿ" ಅಂತ ಬರೆದರೆ ಯಾರ ಹತ್ತಿರ ಬರಬೇಕು, ಎಷ್ಟು ಹೊತ್ತಿಗೆ, ಹೇಳಿದ್ದು ಮಾಲೀಕರ ಕಿವಿಗೆ ಹೋಗುತ್ತದಾ, ದವಾಖಾನೆಗೆ ಹೋದ ದಿನದ ಪಗಾರ ಕಟ್ ಆಗುತ್ತದಾ? ಜನ ಕೇಳುವುದು ಇವನ್ನೇ.

ನಾವು ಮೂರು ಬಾಗಿಲು ಇಟ್ಟುಕೊಂಡೆವು. ಒಂದು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ಫೋನ್ ಮಾಡಲು ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಎರಡು, ಸರ್ಕಾರಿ ಆಸ್ಪತ್ರೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಮೂರು, ಮಿಲ್ಲಿನೊಳಗೆ ಒಬ್ಬರು. ನಮ್ಮಲ್ಲಿ ಅದು ಸ್ಟೋರ್ ನೋಡಿಕೊಳ್ಳುವ ಹಿರಿಯ ಅಕ್ಕ. ಪಗಾರ ಬರೆಯುವ ನಾನಾಗುವುದು ಸರಿಯಲ್ಲ ಅನಿಸಿತು. ರಜೆ ಕೊಡುವವನ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ನಂಬರ್ ಛಾಪಿಸುವ ಮೊದಲು ನೀವೇ ಒಂದು ಸಲ ಫೋನ್ ಮಾಡಿ, ಕನ್ನಡಕ್ಕೆ ಯಾವ ಬಟನ್ ಒತ್ತಬೇಕು ಅಂತ ಬರೆದುಕೊಳ್ಳಿ. ಆಸ್ಪತ್ರೆಗೆ ಒಂದು ಬೆಳಿಗ್ಗೆ ಹೋಗಿ ಚೀಟಿ ಎಲ್ಲಿ ಮಾಡಿಸಬೇಕು, ಮನೋವೈದ್ಯರು ಯಾವ ರೂಮಿನಲ್ಲಿ ಯಾವ ದಿನ ಕೂಡುತ್ತಾರೆ ಅಂತ ನೋಡಿ ಬನ್ನಿ. ಘೋಷವಾಕ್ಯ ನಂಬಿ ಹೋದವರು ಅಲ್ಲಿ ಕಿಟಕಿಯಿಂದ ಕಿಟಕಿಗೆ ಅಲೆದರೆ ಮುಂದಿನ ವರ್ಷ ನಿಮ್ಮ ಬೋರ್ಡು ಯಾರೂ ಓದುವುದಿಲ್ಲ.

ಪಗಾರದ ಮಾತೂ ಇತ್ಯರ್ಥ ಆಗಲಿ. ನಮ್ಮ ಮಾಲೀಕರು ತಿಂಗಳಿಗೆ ಅರ್ಧ ದಿನ, ಯಾವ ದವಾಖಾನೆ ಅಂತ ಕೇಳದೆ, ಪಗಾರ ಕಟ್ ಮಾಡದೆ ಬಿಡಲು ಒಪ್ಪಿದರು. ಅದು ಒಪ್ಪಿಗೆಯಾದ ಮೇಲೆಯೇ ನಾವು ದವಾಖಾನೆ ಎಂಬ ಪದ ಬೋರ್ಡಿನಲ್ಲಿ ಹಾಕಿದ್ದು.

ಪದ ಹುಡುಕುವುದು ಚಹಾದ ಹೊತ್ತಿನಲ್ಲಿ

ಎರಡು ದಿನ ಸುಮ್ನೆ ಚಹಾದ ಜಾಗದಲ್ಲಿ ಕೂತುಕೊಳ್ಳಿ. ಮನಸ್ಸು ಸರಿಯಿಲ್ಲದಾಗ ನಮ್ಮ ಜನ ಏನನ್ನುತ್ತಾರೆ ಅಂತ ಕಿವಿಗೊಟ್ಟು ಕೇಳಿ. "ಖಿನ್ನತೆ" ಅಂತ ಯಾರೂ ಅನ್ನುವುದಿಲ್ಲ. "ಬ್ಯಾಸರ ಆಗ್ಯಾದ", "ನಿದ್ದಿ ಹತ್ತವಲ್ದು", "ಭಾಳ ಟೆನ್ಶನ್ ಅದ", "ಯಾವುದಕ್ಕೂ ಮನಸ್ಸಾಗವಲ್ದು" ಅನ್ನುತ್ತಾರೆ. ಇನ್ನೊಂದು ರಾಶಿಯೂ ಸಿಗುತ್ತದೆ: ಹುಚ್ಚು, ಮೆಂಟಲ್, ತಲಿ ಕೆಟ್ಟದ. ಇವನ್ನೂ ಬರೆದುಕೊಳ್ಳಿ, ಬಳಸಲಿಕ್ಕಲ್ಲ, ಇವುಗಳ ನೆರಳು ಕೂಡ ನಿಮ್ಮ ಸಾಲಿನ ಮೇಲೆ ಬೀಳದಂತೆ ನೋಡಿಕೊಳ್ಳಲಿಕ್ಕೆ.

ಈ ಹುಡುಕಾಟದಲ್ಲಿ ನಮಗೆ ಸಿಕ್ಕ ಚಿನ್ನದಂಥ ಪದ "ಆರಾಮ". ಈ ಕಡೆ ಬೆಳಿಗ್ಗೆ ಎದುರು ಬಂದವರನ್ನು ಎಲ್ಲರೂ ಕೇಳುವುದು "ಆರಾಮ ಅದೀರೇನ್ರಿ?" ಅಂತಲೇ. ಜ್ವರ ಬಂದರೆ "ಆರಾಮಿಲ್ಲ" ಅನ್ನುತ್ತೇವೆ. ಹೊಟ್ಟೆ ನೋವಾದರೂ ಆರಾಮಿಲ್ಲ. ಯಾರೂ ಅದನ್ನು ಹೇಳಲು ನಾಚುವುದಿಲ್ಲ. ಮೈಗೂ ಮನಸ್ಸಿಗೂ ಒಂದೇ ಪದ ಹೊಂದುತ್ತದೆ, ಯಾರ ಮೇಲೂ ರೋಗದ ಚೀಟಿ ಅಂಟುವುದಿಲ್ಲ. ಇನ್ನೂ ಒಂದು ಲಾಭ ಇದೆ. ನಮ್ಮ ಮಿಲ್ಲಿನಲ್ಲಿ ಮನೆಯಲ್ಲಿ ದಖನಿ ಆಡುವವರಿದ್ದಾರೆ, ಮರಾಠಿಯವರಿದ್ದಾರೆ, ಬಿಹಾರದಿಂದ ಬಂದ ಹುಡುಗರಿದ್ದಾರೆ. ಆರಾಮ ಎಲ್ಲರಿಗೂ ಗೊತ್ತಿರುವ ಪದ.

ಗ್ರಂಥದ ಭಾಷೆಯೋ ಮಾತಿನ ಭಾಷೆಯೋ ಎಂಬ ಜಗಳ ಬಂದೇ ಬರುತ್ತದೆ. ಆಫೀಸಿನವರೊಬ್ಬರು ನಮ್ಮ ಭಾಷೆ ಬೋರ್ಡಿನಲ್ಲಿ ಬಂದರೆ ನಗೆಪಾಟಲಾಗುತ್ತದೆ ಅಂದರು. ಟಿವಿಯಲ್ಲಿ ಈ ಭಾಗದ ಮಾತನ್ನು ನಗಿಸಲಿಕ್ಕೇ ಜಾಸ್ತಿ ಬಳಸಿರುವುದರಿಂದ ಅವರ ಹೆದರಿಕೆ ನನಗೆ ಅರ್ಥವಾಯಿತು. ನಾವು ಕಂಡುಕೊಂಡ ದಾರಿ ಇದು. ಮಾತಿನ ಭಾಷೆಯೇ ಇರಲಿ, ಆದರೆ ಕೊನೆಗೆ "ರಿ" ಬಿಡಬೇಡಿ. "ಹೇಳು" ಅಲ್ಲ, "ಹೇಳ್ರಿ." ಆ ಒಂದು ಅಕ್ಷರದಲ್ಲಿ ಮರ್ಯಾದೆ ಇದೆ. ಹಮಾಲನಿಗೂ ಮ್ಯಾನೇಜರಿಗೂ ಒಂದೇ "ರಿ" ಹಾಕಿದ ಬೋರ್ಡು ನಮ್ಮ ಮಿಲ್ಲಿನಲ್ಲಿ ಅದೇ ಮೊದಲು.

ಒಂದು ಸಾಲನ್ನು ತಿದ್ದುವುದು

ಹಳೇ ಫ್ಲೆಕ್ಸಿನ ಸಾಲನ್ನೇ ತೆಗೆದುಕೊಳ್ಳೋಣ. "ಮಾನಸಿಕ ರೋಗ ಶಾಪವಲ್ಲ, ನಾಚಿಕೆ ಬೇಡ, ಚಿಕಿತ್ಸೆ ಪಡೆಯಿರಿ."

ತಪ್ಪು ಎಲ್ಲಿದೆ? ಓಡಾಡುತ್ತಾ ಓದುವವರ ಕಣ್ಣಿಗೆ ಬೀಳುವುದು ರೋಗ, ಶಾಪ, ನಾಚಿಕೆ. "ಅಲ್ಲ", "ಬೇಡ" ಎಂಬ ಬಾಲ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಶಾಪ ಅಂತ ಯೋಚಿಸದೇ ಇದ್ದವನಿಗೂ ಶಾಪ ನೆನಪಿಸಿದ ಹಾಗಾಯಿತು. "ಹುಚ್ಚಲ್ಲ", "ದುರ್ಬಲರಲ್ಲ", "ಅವಮಾನವಲ್ಲ" ಎಲ್ಲಕ್ಕೂ ಇದೇ ಮಾತು. ಅಳಿಸಬೇಕಾದ ಪದವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಳಿಸಲು ಆಗುವುದಿಲ್ಲ.

ಹಾಗಾಗಿ ಮೊದಲು ಇಲ್ಲ, ಅಲ್ಲ, ಬೇಡ ಅಂತ ತಳ್ಳಿಹಾಕಿದ ಪದಗಳನ್ನೆಲ್ಲ ತೆಗೆದೆವು. ಉಳಿದಿದ್ದು "ಚಿಕಿತ್ಸೆ ಪಡೆಯಿರಿ." ಇದು ಆಜ್ಞೆಯ ಹಾಗಿದೆ, ಯಾರಿಗೆ ಅಂತಲೂ ಇಲ್ಲ. ಎರಡನೇ ಸಲ "ಮನಸ್ಸಿಗೆ ಆರಾಮಿಲ್ಲದಿದ್ದರೆ ವೈದ್ಯರನ್ನು ಕಾಣಿ" ಅಂತ ಬರೆದೆವು. ತಪ್ಪಿಲ್ಲ, ಆದರೆ ಸರ್ಕಾರಿ ಪ್ರಕಟಣೆಯ ಹಾಗೆ ಒಣಗಿದೆ. ಆರಿಸುವ ಅಕ್ಕನೊಬ್ಬರು ಇದನ್ನು ಕೇಳಿ, "ಜ್ವರ ಬಂದ್ರ ಹೋಗ್ತೀವಿ, ಇದಕ್ಕ ಯಾಕ ಹೋಗಬೇಕ್ರಿ?" ಅಂದರು. ಅವರ ಪ್ರಶ್ನೆಯಲ್ಲೇ ಉತ್ತರ ಇತ್ತು. ಮೂರನೇ ಸಲ ಬಂದಿದ್ದು ಹೀಗೆ:

"ಮೈಗೆ ಆರಾಮಿಲ್ಲ ಅಂದ್ರ ದವಾಖಾನಿ. ಮನಸ್ಸಿಗೆ ಆರಾಮಿಲ್ಲ ಅಂದ್ರೂ ದವಾಖಾನಿ."

ಇದರಲ್ಲಿ ರೋಗ ಇಲ್ಲ, ಕತ್ತಲೆ ಇಲ್ಲ, ಉಪದೇಶ ಇಲ್ಲ. ಇಡೀ ಮಾತು "ಅಂದ್ರೂ" ಎಂಬುದರ ಕೊನೆಯ "ಊ" ಮೇಲೆ ನಿಂತಿದೆ. ಓದು ಬಾರದವರೂ ಒಂದು ಸಲ ಕೇಳಿ ತಿರುಗಿ ಹೇಳಬಲ್ಲರು. ನಮ್ಮಲ್ಲಿ ಬೇಳೆ ಆರಿಸುವವರಲ್ಲಿ ಅರ್ಧ ಜನ ಓದುವುದಿಲ್ಲ, ಹಾಗಾಗಿ ಬಾಯಲ್ಲಿ ನಿಲ್ಲುವುದು ಮುಖ್ಯ.

ಹಮಾಲರಿಗಾಗಿ ಬರೆದ ಸಾಲು ಇನ್ನೊಂದು ಪಾಠ ಕಲಿಸಿತು. ಚೀಲವನ್ನು ಒಬ್ಬರ ಬೆನ್ನಿಗೆ ಇನ್ನಿಬ್ಬರು ಎತ್ತಿ ಕೊಡುವುದು ದಿನಾ ನೋಡುತ್ತೇನೆ. "ಚೀಲ ಎತ್ತಲಿಕ್ಕ ಕೈ ಕೊಡ್ತೀರಿ, ಮಾತಿಗೂ ಕಿವಿ ಕೊಡ್ರಿ" ಅಂತ ಬರೆದು ಖುಷಿಪಟ್ಟಿದ್ದೆ. ಹಿರಿಯ ಹಮಾಲ ಕಾಕಾ ಓದಿಸಿಕೊಂಡು ಸುಮ್ಮನೆ ನಿಂತರು. "ಕೈ ಕೊಡೋದಂದ್ರ ನಡುನೀರಾಗ ಬಿಡೋದಲ್ಲೇನ್ರಿ?" ಅಂದರು. ಹೌದು, ಕೈಕೊಟ್ಟ ಅಂದರೆ ಮೋಸ ಮಾಡಿದ ಅಂತಲೂ ಆಗುತ್ತದೆ. ಅವರೇ ತಿದ್ದಿದರು: "ಚೀಲಕ್ಕ ಕೈ ಹಚ್ಚತೀವಿ, ಮಾತಿಗೆ ಕಿವಿ ಹಚ್ಚೋಣ." ಗೋದಾಮಿನ ಗೋಡೆಯ ಮೇಲೆ ಈಗ ಇರುವುದು ಕಾಕಾ ಹೇಳಿದ ಸಾಲು.

ಕತ್ತಲೆ ಬಿಟ್ಟರೆ ಸಾಲದು, ಸುಳ್ಳು ಬೆಳಕೂ ಬೇಡ

ಮಂಕು ಬೇಡ ಅಂದ ಕೂಡಲೇ ಜನ ಇನ್ನೊಂದು ತುದಿಗೆ ಹೋಗುತ್ತಾರೆ. "ಸದಾ ನಗುತಿರಿ", "ಚಿಂತೆ ಬಿಡಿ, ಸಂತೋಷವಾಗಿರಿ", "ಧೈರ್ಯವೇ ಮದ್ದು." ಇವನ್ನು ನಾನು ಒಂದೂ ಬಿಡದೆ ತೆಗೆದುಹಾಕುತ್ತೇನೆ. ಸಾಲದ ಕಂತು ಕಟ್ಟಲಾಗದೆ ರಾತ್ರಿ ಎದ್ದು ಕೂತವನಿಗೆ ನಗು ಅಂದರೆ, ನಗದೇ ಇರುವುದು ನಿನ್ನ ತಪ್ಪು ಅಂದ ಹಾಗೆ. ಧೈರ್ಯವೇ ಮದ್ದು ಅಂದರೆ ಗುಳಿಗೆ ತೆಗೆದುಕೊಳ್ಳುವವರು ಹೇಡಿಗಳು ಅಂದ ಹಾಗೆ. ಅದನ್ನು ಓದಿ ಗುಳಿಗೆ ಬಿಟ್ಟರೆ ಅನಾಹುತ.

ಶರಣರ ನಾಡಲ್ವಾ, "ಕಾಯಕವೇ ಕೈಲಾಸ" ಹಾಕೋಣ ಅಂತಲೂ ಒಬ್ಬರು ಹೇಳುತ್ತಾರೆ. ಅದು ನಾನು ತಲೆಬಾಗುವ ಮಾತು. ಆದರೆ ಈ ವಾರ ಅದನ್ನು ಮಿಲ್ಲಿನ ಗೋಡೆಯ ಮೇಲೆ ಹಾಕಿದರೆ ದಣಿದವನಿಗೆ "ಇನ್ನೂ ದುಡಿ" ಅಂತ ಕೇಳಿಸುತ್ತದೆ. ಆ ಮಾತಿಗೂ ಅನ್ಯಾಯ, ಅವನಿಗೂ ಅನ್ಯಾಯ.

ಬೇರೆ ಭಾಷೆಯಿಂದ ಎತ್ತಿದ ಸಾಲುಗಳ ಬಗ್ಗೆಯೂ ಎಚ್ಚರ. "ನೀವು ಒಬ್ಬಂಟಿಯಲ್ಲ" ಎಂಬುದನ್ನು ಎಲ್ಲ ಕಡೆ ನೋಡಿರುತ್ತೀರಿ. ನಾವು ಒಂದು ಸಲ ಅದನ್ನು "ನೀವು ಇಲ್ಲಿ ಒಬ್ಬರೇ ಇಲ್ಲ" ಅಂತ ಬರೆದು ಮಷೀನ್ ರೂಮಿನಲ್ಲಿ ಅಂಟಿಸಿದೆವು. ರಾತ್ರಿ ಪಾಳಿಯ ಹುಡುಗ ಬಂದು "ಯಾರು ನೋಡ್ಲತ್ತಾರ್ರಿ? ಹೊಸ ಕ್ಯಾಮೆರಾ ಹಾಕ್ಯಾರೇನು?" ಅಂತ ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಇನ್ನು ಅಂಕಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೂ ಒಂದು ಮಾನಸಿಕ ತೊಂದರೆ ಇತ್ತು. ಮಾಲೀಕರ ಮುಂದೆ ಅರ್ಧ ದಿನದ ರಜೆ ಕೇಳುವಾಗ ಈ ಅಂಕಿ ನನಗೆ ಕೆಲಸಕ್ಕೆ ಬಂತು. ಗೋಡೆಯ ಮೇಲೆ ಮಾತ್ರ ಹಾಕಬೇಡಿ. "ಹತ್ತರಲ್ಲಿ ಒಬ್ಬರಿಗೆ" ಅಂತ ಬರೆದರೆ 64 ಜನರ ಮಿಲ್ಲಿನಲ್ಲಿ ಆ ಆರು ಜನ ಯಾರು ಅಂತ ಲೆಕ್ಕ ಹಾಕಲು ಶುರು ಮಾಡುತ್ತಾರೆ.

ಆತ್ಮಹತ್ಯೆ ಎಂಬ ಪದವನ್ನೂ ಘೋಷವಾಕ್ಯದಲ್ಲಿ ತರಬೇಡಿ. ಆದರೆ ಪ್ರತಿ ಬೋರ್ಡಿನ ಕೆಳಗೂ 14416 ಇರಲಿ. ಈ ವಿಷಯ ಮಾತಾಡಬೇಕಾದ ಜಾಗ ಬೇರೆ, ಅದು ಸೂಪರ್‌ವೈಸರ್‌ಗಳ ಸಭೆ. ಯಾರಾದರೂ "ಬದುಕೋದೇ ಬ್ಯಾಡ ಅನಸ್ತದ" ಅಂದರೆ ನೇರವಾಗಿ, ಮೆಲ್ಲಗೆ ಕೇಳಿ, ಸಾಯಬೇಕು ಅನ್ನಿಸುತ್ತಿದೆಯಾ ಅಂತ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರನ್ನೇ ಬಿಡಬೇಡಿ, ಅಲ್ಲೇ ಕೂತು 14416ಕ್ಕೆ ಫೋನ್ ಹಚ್ಚಿ, ಕೈಮೀರುವ ಹಾಗಿದ್ದರೆ ಜೊತೆಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಥವಾ 112ಕ್ಕೆ ಫೋನ್ ಮಾಡಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಪ್ರಕಾರ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಹಾಗಲ್ಲ ಅಂತ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವ ಹಾಗಿಲ್ಲ. ಇದನ್ನು ಸೂಪರ್‌ವೈಸರ್‌ಗಳಿಗೆ ಬಾಯಿಬಿಟ್ಟು ಹೇಳಿ.

"ಇದು ಯಾರಿಗೆ ಹೇಳಿದ್ದು?"

ಇಪ್ಪತ್ತು ಸಾಲು ಬರೆದರೆ ಐದು ಉಳಿಯುತ್ತವೆ. ಜರಡಿ ಹಿಡಿಯಲು ನಾನು ಕೇಳುವುದು ಒಂದೇ ಪ್ರಶ್ನೆ. ಬರೆಯುವಾಗ ಇರದ ಮೂವರನ್ನು ಬೇರೆ ಬೇರೆಯಾಗಿ ಕರೆದು ಸಾಲನ್ನು ಓದಿ ಹೇಳುತ್ತೇನೆ. "ಇದು ಯಾರಿಗೆ ಹೇಳಿದ್ದು ಅನಸ್ತದ?" ಅಂತ ಕೇಳುತ್ತೇನೆ. "ಅಂಥವರಿಗೆ" ಅಥವಾ "ಪಾಪ, ಅವರಿಗೆ" ಅಂದರೆ ಆ ಸಾಲು ಹೋಯಿತು. "ನಮಗ" ಅಂದರೆ ಇಟ್ಟುಕೊಳ್ಳುತ್ತೇನೆ.

ಗುಂಪಿನಲ್ಲಿ ಕೇಳಬೇಡಿ, ಮೊದಲು ಮಾತಾಡಿದವರ ಉತ್ತರವನ್ನೇ ಉಳಿದವರೂ ಹೇಳುತ್ತಾರೆ. ನಿಮ್ಮಲ್ಲಿ ಗುಳಿಗೆ ತೆಗೆದುಕೊಳ್ಳುವುದನ್ನು ತಾವಾಗಿಯೇ ಹೇಳಿಕೊಂಡವರು ಯಾರಾದರೂ ಇದ್ದರೆ, ಅವರು ಒಪ್ಪಿದರೆ ಮಾತ್ರ, ಅವರ ಮುಂದೆಯೂ ಓದಿ. ನಮ್ಮ ಆ ಆಪರೇಟರ್ ಎರಡನೇ ವರ್ಷ ನಾಲ್ಕು ಸಾಲು ತೆಗೆಸಿದ. ಅದರಲ್ಲಿ ಒಂದು "ಮನಸ್ಸಿನ ಗಾಯಕ್ಕೆ ಮುಲಾಮು ಮಾತು." ನನಗೆ ತುಂಬಾ ಇಷ್ಟವಾಗಿದ್ದ ಸಾಲು. "ಗಾಯ ಅಂದ್ರ ಜನ ನೋಡ್ಲಿಕ್ಕ ಬರ್ತಾರ್ರಿ" ಅಂದ. ಅಷ್ಟೇ ಸಾಕಾಯಿತು.

ಹೀಗೆ ಉಳಿದ ಇನ್ನಷ್ಟು ಸಾಲುಗಳು ಇವು. ಗೇಟಿನ ಹತ್ತಿರ: "ಆರಾಮ ಅದೀರೇನ್ರಿ? ಇವತ್ತು ಖರೇ ಹೇಳ್ರಿ." ಚಹಾದ ಜಾಗದಲ್ಲಿ: "ಬರ್ರಿ, ಚಾ ಕುಡಕೋತ ಮಾತಾಡೋಣ." ಡ್ರೈವರ್‌ಗಳು ಕೂಡುವಲ್ಲಿ: "ನಿದ್ದಿ ಹತ್ತವಲ್ದೇನ್ರಿ? ಡಾಕ್ಟರ್ ಮುಂದ ಅದೂ ಹೇಳ್ರಿ." ಸೂಪರ್‌ವೈಸರ್‌ಗಳ ಟೇಬಲ್ ಮೇಲೆ, ಅವರ ಕಣ್ಣಿಗಷ್ಟೇ ಬೀಳುವಂತೆ: "ಯಾಕ ತಡ ಆಯ್ತು ಅನ್ನೋಕಿಂತ ಮೊದಲು, ಆರಾಮ ಅದೀರೇನ್ರಿ ಅನ್ರಿ." ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ಕೊನೆಯದು. ಓದಿದವರು ಅವತ್ತೇ ಮಾಡಬಹುದಾದ ಒಂದು ಕೆಲಸ ಅದರಲ್ಲಿದೆ.

ಎಲ್ಲಿ, ಎಷ್ಟು ದೊಡ್ಡದಾಗಿ

ಹತ್ತು ಅಡಿ ದೂರದಿಂದ ಆರಾಮಾಗಿ ಓದಲು ಅಕ್ಷರ ಕನಿಷ್ಠ ಒಂದು ಇಂಚು ಎತ್ತರ ಇರಬೇಕು. ಒತ್ತಕ್ಷರ ಜಾಸ್ತಿ ಇದ್ದರೆ ಸಾಲಿನ ನಡುವೆ ಜಾಗ ಬಿಡಿಸಿ, ಇಲ್ಲವಾದರೆ ಮೇಲಿನ ಒತ್ತು ಕೆಳಗಿನ ಗುಣಿಸಿಗೆ ತಾಗುತ್ತದೆ. ಒಂದು ಬೋರ್ಡಿಗೆ ಒಂದೇ ಸಾಲು, ಕೆಳಗೆ ನಂಬರ್. ಮನುಷ್ಯರ ಮುಖದ ಚಿತ್ರ ಬೇಡ. ನಾವು ಚಹಾ ಗ್ಲಾಸು, ಚೀಲ, ಮೊರದ ಚಿತ್ರ ಬರೆಸಿದೆವು. ಬಣ್ಣಕ್ಕೆ ತೊಗರಿ ಬೇಳೆಯ ಹಳದಿ, ಅದರ ಮೇಲೆ ದಟ್ಟ ಹಸಿರು ಅಕ್ಷರ. ಮಿಲ್ಲಿನ ಧೂಳು ಎರಡೇ ದಿನಕ್ಕೆ ಕೂರುತ್ತದೆ, ಒರೆಸಲು ಬರುವ ಹಾಳೆಯಲ್ಲೇ ಛಾಪಿಸಿ.

ಮ್ಯಾನೇಜರ್ ಕ್ಯಾಬಿನ್ ಪಕ್ಕದ ನೋಟಿಸ್ ಬೋರ್ಡು ಅತಿ ಕೆಟ್ಟ ಜಾಗ. ಅಲ್ಲಿ ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ. ಅತಿ ಒಳ್ಳೆಯ ಜಾಗ ಶೌಚಾಲಯದ ಬಾಗಿಲಿನ ಒಳಭಾಗ. ಚಿಲಕ ಹಾಕಿಕೊಂಡ ಮೇಲೆ ಯಾರೂ ನೋಡುವುದಿಲ್ಲ. ಅಲ್ಲಿ ಒಂದು ಪುಟ್ಟ ಡಬ್ಬಿಯಲ್ಲಿ ಬಸ್ ಟಿಕೆಟ್ ಅಳತೆಯ ಚೀಟಿಗಳನ್ನು ಇಟ್ಟೆವು, ಗಂಡಸರ ಕಡೆ 50, ಹೆಂಗಸರ ಕಡೆ 50. ಚೀಟಿಯ ಮೇಲೆ "ಆರಾಮ, 14416, ಹಗಲು ರಾತ್ರಿ" ಅಂತ ಇಷ್ಟೇ. ಮಾನಸಿಕ ಎಂಬ ಪದ ಕೂಡ ಇಲ್ಲ. ಅಂಗಿಯ ಜೇಬಿನಲ್ಲಿ ಮನೆಯವರ ಕೈಗೆ ಸಿಕ್ಕರೂ ವಿವರಣೆ ಕೊಡುವ ಗೋಜಿಲ್ಲ.

ಓದು ಬಾರದವರಿಗಾಗಿ ಸ್ಟೋರಿನ ಅಕ್ಕ ದಿನಾ ಬೆಳಿಗ್ಗೆ ಆರಿಸುವ ಶೆಡ್ಡಿಗೆ ಹೋಗಿ ಅವತ್ತಿನ ಸಾಲನ್ನು ಒಂದು ಸಲ ಹೇಳಿ, ನಂಬರ್ ಎರಡು ಸಲ ಹೇಳಿ ಬರುತ್ತಾರೆ. ಮೈಕ್ ಬೇಡ, ಭಾಷಣ ಬೇಡ. ಒಂದೇ ಉಸಿರಿನಲ್ಲಿ ಹೇಳಲಾಗದ ಸಾಲು ಇಲ್ಲಿ ಸಿಕ್ಕಿಬೀಳುತ್ತದೆ, ಅದನ್ನು ಮರುದಿನವೇ ಕತ್ತರಿಸುತ್ತೇವೆ.

ವಾರದ ನಡುವೆ ಏನು ನೋಡಬೇಕು

ಯಾರು ಫೋನ್ ಮಾಡಿದರು, ಯಾರು ಅಕ್ಕನ ಹತ್ತಿರ ಹೋದರು ಅಂತ ವಿಚಾರಿಸಬೇಡಿ, ಪಟ್ಟಿ ಮಾಡಲೇಬೇಡಿ. ಸಂಜೆ ಡಬ್ಬಿಯಲ್ಲಿ ಎಷ್ಟು ಚೀಟಿ ಉಳಿದಿವೆ ಅಂತ ಎಣಿಸಿದರೆ ಸಾಕು. ಎರಡನೇ ವರ್ಷ ನಮ್ಮಲ್ಲಿ ಮೊದಲ ಮೂರು ದಿನ ಹೆಂಗಸರ ಕಡೆ ಒಂದೂ ಕಡಿಮೆಯಾಗಲಿಲ್ಲ. ಆಮೇಲೆ ಗೊತ್ತಾಯಿತು, ಡಬ್ಬಿ ಎತ್ತರದಲ್ಲಿತ್ತು, ಒದ್ದೆ ಕೈಯಲ್ಲಿ ತೆಗೆದರೆ ಇಡೀ ಕಟ್ಟು ಬೀಳುತ್ತಿತ್ತು. ಕೆಳಗೆ ಇಳಿಸಿ, ಚೀಟಿಗಳನ್ನು ಒಂದೊಂದಾಗಿ ದಾರಕ್ಕೆ ಸಿಕ್ಕಿಸಿದೆವು. ಶನಿವಾರದ ಹೊತ್ತಿಗೆ 17 ಹೋಗಿದ್ದವು.

ಕಿವಿಯನ್ನೂ ತೆರೆದಿಡಿ. ಮೊದಲ ವರ್ಷ ಹುಡುಗರು ಒಬ್ಬರನ್ನೊಬ್ಬರು "ಏ ಬೋರ್ಡ್" ಅಂತ ಕರೆಯತೊಡಗಿದ್ದರು. ಘೋಷವಾಕ್ಯ ಬೈಗುಳವಾಗಿ ತಿರುಗಿದರೆ ಅವತ್ತೇ ಇಳಿಸಿ, ವಾರ ಮುಗಿಯಲಿ ಅಂತ ಕಾಯಬೇಡಿ. "ಆರಾಮ ಅದೀರೇನ್ರಿ" ವಿಷಯದಲ್ಲಿ ಹಾಗಾಗಲಿಲ್ಲ. ಅದು ಮೊದಲೇ ಎಲ್ಲರ ಬಾಯಲ್ಲಿದ್ದ ಮಾತು, ಅದನ್ನು ಬೈಗುಳ ಮಾಡುವುದು ಕಷ್ಟ.

ವಾರ ಮುಗಿದ ಮೇಲೆ ಬೋರ್ಡುಗಳನ್ನು ತೆಗೆದು ಒರೆಸಿ ಇಡುತ್ತೇವೆ. ವರ್ಷವಿಡೀ ನೇತಾಡಿದರೆ ಕಣ್ಣಿಗೆ ಕಾಣುವುದೇ ನಿಂತುಹೋಗುತ್ತದೆ. ಬಾಗಿಲ ಹಿಂದಿನ ಚೀಟಿಗಳು ಮಾತ್ರ ಅಲ್ಲೇ ಇರುತ್ತವೆ. ತಿಂಗಳ ಮೊದಲ ಸೋಮವಾರ ಅಕ್ಕ ಎಣಿಸಿ ತುಂಬಿಸುತ್ತಾರೆ. ಹೊಸ ತೊಗರಿ ಬಂದು ಎರಡು ಪಾಳಿ ಶುರುವಾಗುವ ಜನವರಿಯಲ್ಲಿ ಅವು ಬೇಗ ಖಾಲಿಯಾಗುತ್ತವೆ. ಹಾಗಾಗಿ ಈ ವರ್ಷ ಜನವರಿಗೆ ಅಂತಲೇ ಇನ್ನೂ ನೂರು ಚೀಟಿ ಈಗಲೇ ಛಾಪಿಸಿ ಇಟ್ಟಿದ್ದೇನೆ.